ಅರ್ಧಕ್ಕೆ ನಿಂತ ವಾಕ್ಯಕ್ಕೆ ಕ್ರಿಯಾಪದ ಎಲ್ಲಿಂದ ತರುವುದು?

ಪ್ರಶ್ನೆ: ರೋಗಿಗಳನ್ನು ನೋಡಿಕೊಂಡ ಮನೆಯವರ 22 ಸಂದರ್ಶನ ರೆಕಾರ್ಡ್ ಮಾಡಿದ್ದೇನೆ. ಎಲ್ಲ ಕನ್ನಡ, ನಡುನಡುವೆ ಇಂಗ್ಲಿಷ್. ಬರಹಕ್ಕೆ ಇಳಿಸಿ ಆಯ್ತು, ಈಗ ಇಂಗ್ಲಿಷಿಗೆ ತರಬೇಕು. 'ಕ್ಲೀನ್ ಇಂಗ್ಲಿಷ್ ಕೊಡಿ' ಅಂತಾರೆ ಗೈಡ್. ಆದರೆ 'ಅಂದ್ರೆ', 'ಏನಂದ್ರೆ', 'ಸೋ' ಎಲ್ಲ ತೆಗೆದು, ಅರ್ಧಕ್ಕೆ ನಿಂತ ವಾಕ್ಯ ಪೂರ್ತಿ ಮಾಡಿದರೆ ಅದು ನನ್ನ ಮಾತಾಗಿಬಿಡುತ್ತೆ. ಹಾಗೇ ಬಿಟ್ಟರೆ ಓದೋಕಾಗಲ್ಲ. ಎಷ್ಟು ಬಿಡಬೇಕು, ಎಷ್ಟು ಇಟ್ಟುಕೊಳ್ಳಬೇಕು?

ಉತ್ತರ: ಫಿಲ್ಲರ್‌ಗಳಲ್ಲಿ ಹೆಚ್ಚಿನವನ್ನು ಬಿಡಿ. ಆದರೆ ಫಿಲ್ಲರ್‌ನ ವೇಷದಲ್ಲಿರುವ ಕೆಲವು ಕನ್ನಡ ಪದಗಳನ್ನು ಬಿಟ್ಟರೆ ಹೇಳಿಕೆಯೇ ಬದಲಾಗುತ್ತದೆ, ಅವನ್ನು ಗುರುತಿಸುವುದು ಕಲಿಯಬೇಕು. ಇಂಗ್ಲಿಷ್ ಪದಗಳನ್ನು ಇಂಗ್ಲಿಷ್ ಅಂತ ನಂಬಬೇಡಿ. ಅರ್ಧಕ್ಕೆ ನಿಂತ ವಾಕ್ಯವನ್ನು ಮಾತ್ರ ಯಾರು ಕೇಳಿದರೂ ಪೂರ್ತಿ ಮಾಡಬೇಡಿ. ಮೂರರಲ್ಲಿ ಈ ಕೊನೆಯದೇ ಕಷ್ಟದ್ದು, ಅದರ ಸುತ್ತಲೇ ಹೆಚ್ಚು ಹೇಳುತ್ತೇನೆ. ಉದಾಹರಣೆಗೆ ಬರುವ ಇಂಗ್ಲಿಷ್ ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಓದುವಾಗ ಬಾಯಿಬಿಟ್ಟು ಓದಿ, ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿಗೇ ಹೆಚ್ಚು ದುಡಿಮೆ.

ಮೊದಲು ಗೈಡ್ ಹೇಳಿದ 'ಕ್ಲೀನ್' ಎಂಬ ಮಾತು. ಧ್ವನಿಯನ್ನು ಬರಹಕ್ಕೆ ಇಳಿಸುವ ಕೆಲಸದಲ್ಲಿ ಅದಕ್ಕೆ ಒಂದು ಗೊತ್ತಾದ ಅರ್ಥವಿದೆ. 'ಅ...', 'ಮ್...' ತೆಗೆಯುವುದು, ತಡವರಿಸಿ ಎರಡು ಸಲ ಹೇಳಿದ ಪದವನ್ನು ಒಂದು ಸಲ ಬರೆಯುವುದು, ತಪ್ಪಾಗಿ ಶುರುಮಾಡಿ ಸರಿಪಡಿಸಿಕೊಂಡದ್ದರಲ್ಲಿ ಸರಿಪಡಿಸಿದ್ದನ್ನು ಮಾತ್ರ ಇಟ್ಟುಕೊಳ್ಳುವುದು. ಅಷ್ಟಕ್ಕೆ ಅನುಮತಿ. ಹೇಳದೇ ಇದ್ದದ್ದನ್ನು ಸೇರಿಸುವುದಕ್ಕೆ ಅಲ್ಲ. ಗೈಡ್ ಕೇಳಿದ್ದೂ ಬಹುಶಃ ಅಷ್ಟೇ. ಇನ್ನೊಂದು ತುದಿಯಲ್ಲಿ ಸಮಾಜವಿಜ್ಞಾನಿ ಗೇಲ್ ಜೆಫರ್ಸನ್ ರೂಪಿಸಿದ ಪದ್ಧತಿಯಿದೆ, ಅದರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದ ಮೌನವನ್ನೂ ಬರೆಯುತ್ತಾರೆ. ಸಂಭಾಷಣೆಯ ರಚನೆಯನ್ನೇ ಅಧ್ಯಯನ ಮಾಡುವವರಿಗೆ ಅದು ಬೇಕು. ಜನ ಏನು ಅನುಭವಿಸಿದರು ಎಂದು ತಿಳಿಯಲು ಹೊರಟ ನಿಮಗೆ ಬೇಡ.

ಆದರೆ ಒಂದು ಷರತ್ತು. ಕ್ಲೀನ್ ಆಗಬೇಕಾದ್ದು ಇಂಗ್ಲಿಷ್ ಪ್ರತಿ ಮಾತ್ರ. ಕನ್ನಡ ಪ್ರತಿಯಲ್ಲಿ ಕೇಳಿಸಿದ್ದೆಲ್ಲ ಕೇಳಿಸಿದ ಹಾಗೇ ಇರಲಿ, ಉದ್ಗಾರ, ತೊದಲು, ಅರ್ಧ ಪದ ಸಮೇತ. ಕನ್ನಡದಲ್ಲೇ ತೊಳೆದು ಒರೆಸಿಬಿಟ್ಟರೆ ಅನುವಾದದ ಹೊತ್ತಿಗೆ ನಿಮ್ಮ ಮುಂದೆ ಇರುವುದು ಟೈಪ್ ಮಾಡಿದವರ ಅಭಿಪ್ರಾಯವೇ ಹೊರತು ಮಾತನಾಡಿದವರ ಮಾತಲ್ಲ. ನಿಮ್ಮದು ಈಗಾಗಲೇ ಒಪ್ಪವಾಗಿ ಬಂದಿದ್ದರೆ, ಅದರಲ್ಲಿ ಪೂರ್ಣವಿರಾಮಗಳು ಚೆಲ್ಲಾಡಿದ್ದರೆ, ಒಂದು ಸಂದರ್ಶನದ ಹತ್ತು ನಿಮಿಷವನ್ನು ಆಡಿಯೋ ಜೊತೆ ಹಿಡಿದು ನೋಡಿ. ಮಾತು ನಿಂತ ಕಡೆಗಳಲ್ಲಿ ಬಹಳಷ್ಟಕ್ಕೆ ಟೈಪಿಸ್ಟ್ ಚುಕ್ಕಿ ಇಟ್ಟು ವಾಕ್ಯ ಮಾಡಿರುತ್ತಾರೆ.

ಈಗ ಒಂದು ತುಣುಕು. ನಿಮ್ಮ ವಿಷಯಕ್ಕೆ ಹೊಂದುವ ಹಾಗೆ ನಾನೇ ಕಟ್ಟಿದ್ದು, ಆದರೆ ಇದರಲ್ಲಿರುವ ಒಂದೊಂದು ತೊಡಕೂ ನನ್ನ ಮೇಜಿನ ಮೇಲೆ ಬಂದು ಹೋದದ್ದೇ. ಅಪ್ಪನ ಶಸ್ತ್ರಚಿಕಿತ್ಸೆಗೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹೇಗಾಯಿತು ಎಂದು ಕೇಳಿದಾಗ ಮಗಳು ಹೇಳುತ್ತಾಳೆ:

"ಅದು... ಡಾಕ್ಟರ್ ಬಂದು, ಏನಂದ್ರು, 'ಇಟ್ಸ್ ಎ ಮೈನರ್ ಪ್ರೊಸೀಜರ್' ಅಂತ. ಸೋ ನಮ್ಮಣ್ಣ... ನಾನು ಆಚೆ ಇದ್ದೆ, ಫೋನ್ ಬಂದಿತ್ತು. ಫಾರಂ ಮೇಲೆ ಸೈನು... ಅಂದ್ರೆ, ಓದಿ ಹೇಳಿದ್ರಂತೆ ಎಲ್ಲಾ. ನನಗೆ ಡೌಟು. ಹೇಳಿದ್ದಿದ್ರೆ ನಾನು... ಉಹೂಂ. ಆಮೇಲೆ ಸೀರಿಯಸ್ ಆಗೋಯ್ತು."

ಅವಸರದಲ್ಲಿ ಅನುವಾದ ಮಾಡಿದವರು ಹೀಗೆ ಬರೆಯುತ್ತಾರೆ: "ದ ಡಾಕ್ಟರ್ ಕೇಮ್ ಅಂಡ್ ಸೆಡ್ ಇಟ್ ವಾಸ್ ಎ ಮೈನರ್ ಪ್ರೊಸೀಜರ್. ಐ ವಾಸ್ ಔಟ್‌ಸೈಡ್ ಆನ್ ದ ಫೋನ್, ಸೋ ಮೈ ಬ್ರದರ್ ಸೈನ್ಡ್ ದ ಫಾರ್ಮ್. ದೇ ರೆಡ್ ಎವ್ರಿಥಿಂಗ್ ಔಟ್ ಟು ಹಿಮ್. ಐ ಹ್ಯಾಡ್ ಎ ಡೌಟ್. ಇಫ್ ದೇ ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ರೆಫ್ಯೂಸ್ಡ್. ಲೇಟರ್ ಇಟ್ ಬಿಕೇಮ್ ಸೀರಿಯಸ್."

ಓದಲು ಎಷ್ಟು ಚೆನ್ನಾಗಿದೆ! ಅದೇ ಅಪಾಯ. ಇದನ್ನು ಓದಿದವರು ಮೂರು ಸಂಗತಿ ಖಚಿತವಾಗಿ ತಿಳಿದುಕೊಳ್ಳುತ್ತಾರೆ: ಅಣ್ಣ ಸಹಿ ಹಾಕಿದ, ಅವನಿಗೆ ಎಲ್ಲ ಓದಿ ಹೇಳಿದರು, ಹೇಳಿದ್ದರೆ ಮಗಳು ಬೇಡ ಅನ್ನುತ್ತಿದ್ದಳು. ಈ ಮೂರರಲ್ಲಿ ಒಂದನ್ನೂ ಅವಳು ಹೇಳಿಲ್ಲ.

ಹೇಗೆ ನುಸುಳಿದವು ಎಂದು ನೋಡೋಣ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇದು ಎಲ್ಲರಿಗೂ ಗೊತ್ತು. ಅದರ ಪರಿಣಾಮ ಗೊತ್ತಾಗುವುದು ವಾಕ್ಯ ಮುರಿದಾಗ. ಇಂಗ್ಲಿಷಿನವರು ಮಧ್ಯದಲ್ಲಿ ಮಾತು ನಿಲ್ಲಿಸಿದರೆ ಸಾಮಾನ್ಯವಾಗಿ ಕಳೆಯುವುದು ಕರ್ಮ: 'ಮೈ ಬ್ರದರ್ ಸೈನ್ಡ್ ದ...' ಅಂತ ನಿಂತರೂ ಯಾರು, ಏನು ಮಾಡಿದರು, ಯಾವಾಗ ಎನ್ನುವುದು ಆಗಲೇ ಬಂದಿರುತ್ತದೆ. ನಮ್ಮಲ್ಲಿ ಹಾಗಲ್ಲ. ನಮ್ಮ ಕ್ರಿಯಾಪದದ ಬಾಲದಲ್ಲಿ ಏನೇನಿದೆ ನೋಡಿ: ಮಾಡಿದವರು ಯಾರು, ಆದದ್ದೋ ಆಗುವುದೋ, ಹೌದೋ ಅಲ್ಲವೋ, ಕಣ್ಣಾರೆ ಕಂಡದ್ದೋ ಕೇಳಿದ್ದೋ. ಬಾಲ ಕತ್ತರಿಸಿದರೆ ನಾಲ್ಕೂ ಹೋಗುತ್ತವೆ. ಅದರ ಮೇಲೆ ನಾವು ಕರ್ತೃವನ್ನು ಬಿಟ್ಟೇ ಮಾತನಾಡುವ ಜನ, ಕ್ರಿಯಾಪದ ಹೇಗೂ ಹೇಳುತ್ತದಲ್ಲ ಅಂತ. ಕ್ರಿಯಾಪದ ಬರಲೇ ಇಲ್ಲವೆಂದರೆ ಕರ್ತೃವೂ ಇಲ್ಲ.

'ಫಾರಂ ಮೇಲೆ ಸೈನು...' ಎಂಬುದಕ್ಕೆ ಬಾಲ ಅಂಟಿಸಿ ನೋಡಿ. ಸೈನು ಹಾಕಿದ್ದ. ಸೈನು ಹಾಕಿಸ್ಕೊಂಡ್ರು. ಸೈನು ಹಾಕಿರ್ಲಿಲ್ಲ. ಸೈನು ಇತ್ತು. ಸೈನು ಹಾಕಿದ್ದು ನಾನೇ. ಮೊದಲನೆಯದರಲ್ಲಿ ಅಣ್ಣನ ಹೊಣೆ, ಎರಡನೆಯದರಲ್ಲಿ ಆಸ್ಪತ್ರೆಯವರ ಹೊಣೆ, ಮೂರನೆಯದರಲ್ಲಿ ಘಟನೆಯೇ ನಡೆದಿಲ್ಲ. ಒಪ್ಪಿಗೆ ಪತ್ರದ ಬಗ್ಗೆಯೇ ನಿಮ್ಮ ಅಧ್ಯಯನವಾಗಿದ್ದರೆ, ಆ ಒಂದು ಬಾಲದ ಮೇಲೆ ಒಂದು ಅಧ್ಯಾಯ ನಿಂತೀತು. ಅವಳು ಅದನ್ನು ನುಂಗಿಕೊಂಡದ್ದೂ ಕಾರಣವಿಲ್ಲದೆ ಇರಲಿಕ್ಕಿಲ್ಲ.

ಹಾಗಾದರೆ ಇಂಗ್ಲಿಷಿನಲ್ಲಿ ಏನು ಬರೆಯುವುದು? ಉಪಾಯ ಸರಳ: ಅವಳು ನಾಮಪದದಲ್ಲಿ ನಿಂತಿದ್ದರೆ ನೀವೂ ನಾಮಪದದಲ್ಲೇ ನಿಲ್ಲಿ. 'ಅಂಡ್ ಆನ್ ದ ಫಾರ್ಮ್, ದ ಸಿಗ್ನೇಚರ್...' 'ಸೈನ್ಡ್' ಬೇಡ, 'ಸೈನಿಂಗ್' ಕೂಡ ಬೇಡ, ಅದರಲ್ಲಿ ಕ್ರಿಯೆ ಆಗಲೇ ಇಣುಕುತ್ತದೆ. ನಮ್ಮ ವಿಭಕ್ತಿಗಳು, ಅವುಗಳಂತೆ ನಾಮಪದದ ಹಿಂದೆ ಬರುವ ಪದಗಳು ಇಲ್ಲಿ ಕೈಹಿಡಿಯುತ್ತವೆ. 'ಮೇಲೆ', 'ಗೆ', 'ಇಂದ' ಇವಕ್ಕೆ ಇಂಗ್ಲಿಷಿನಲ್ಲಿ 'ಆನ್', 'ಟು', 'ಫ್ರಮ್' ಇವೆ, ಹಾಗಾಗಿ ಪದಗಳನ್ನು ಅಲ್ಪವಿರಾಮ ಇಟ್ಟು ಅದೇ ಸಾಲಿನಲ್ಲಿ ಜೋಡಿಸಿದರೆ ಮುರಿದ ವಾಕ್ಯ ಮುರಿದೇ ಇರುತ್ತದೆ, ಆದರೆ ಅರ್ಥವಾಗುತ್ತದೆ. 'ಅಪ್ಪ ಅವರಿಗೆ ದುಡ್ಡು...' ಎಂದರೆ 'ಮೈ ಫಾದರ್, ಟು ದೆಮ್, ಮನಿ...' ಎಂದು ಇಡಬಹುದು. ಕೊಟ್ಟರೋ, ಕೊಡಬೇಕಿತ್ತೋ, ಕೊಡಲಿಲ್ಲವೋ ಎಂಬುದನ್ನು ಮಾತನಾಡಿದವರ ಬಾಯಲ್ಲೇ ಬಿಟ್ಟ ಹಾಗೆ.

ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. 'ದ ಸಿಗ್ನೇಚರ್' ಎಂದೊಡನೆ ಆ 'ದ' ಒಂದು ಸಹಿ ಇತ್ತು ಎಂದು ಸೂಚಿಸುತ್ತದೆ, ಕನ್ನಡದ 'ಸೈನು' ಅಷ್ಟನ್ನೂ ಹೇಳುವುದಿಲ್ಲ. ಇಂಥ ಕಡೆ ನಾನು ಒಂದು ಸಾಲಿನ ಟಿಪ್ಪಣಿ ಹಾಕುತ್ತೇನೆ: ಇಲ್ಲಿ ಕ್ರಿಯಾಪದವಿಲ್ಲ, ಯಾರ ಸಹಿ, ಆಯಿತೋ ಇಲ್ಲವೋ ಹೇಳಿಲ್ಲ, ಅಂತ. ಪುಟಕ್ಕೊಂದು ಇಂಥ ಟಿಪ್ಪಣಿ ಬಂದರೆ ಏನೂ ತೊಂದರೆಯಿಲ್ಲ. ಸಾಲಿಗೊಂದು ಬರುತ್ತಿದ್ದರೆ ಮಾತ್ರ ನೀವು ಮಹತ್ವದ ಮುರಿತವನ್ನೂ ಬರೀ ತೊದಲನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ ಎಂದರ್ಥ.

ಆ ವ್ಯತ್ಯಾಸ ಕಾಣುವುದು 'ಸೋ ನಮ್ಮಣ್ಣ... ನಾನು ಆಚೆ ಇದ್ದೆ' ಎಂಬಲ್ಲಿ. ಕ್ಲೀನ್ ಪದ್ಧತಿಯ ಪ್ರಕಾರ 'ನಮ್ಮಣ್ಣ' ತಪ್ಪು ಆರಂಭ, ತೆಗೆದುಬಿಡಬಹುದು. ನಾನು ತೆಗೆಯುವುದಿಲ್ಲ. 'ನಾನು ಅವತ್ತು... ನಾನು ಅವತ್ತು ಬೆಳಿಗ್ಗೆ ಬಂದೆ' ಅಂದಿದ್ದರೆ ಅದೇ ಮಾತು ಮತ್ತೆ ಶುರುವಾಗಿದೆ, ಮೊದಲ ತುಂಡು ಹೋಗಲಿ. ಇಲ್ಲಿ ಹಾಗಾಗಿಲ್ಲ. ಅಣ್ಣನ ಬಗ್ಗೆ ಏನೋ ಹೇಳಹೊರಟವಳು ಅದನ್ನು ಬಿಟ್ಟು ತಾನು ಎಲ್ಲಿದ್ದೆ ಅನ್ನುವುದಕ್ಕೆ ಹಾರಿದ್ದಾಳೆ. ಮಾತು ಬದಲಾದ ಕಡೆ ಬಿಟ್ಟ ತುಂಡೂ ಮಾಹಿತಿಯೇ. ಅವಸರದ ಅನುವಾದಕರು ಮಾಡಿದ್ದು ಇದಕ್ಕಿಂತ ಘೋರ, ಮೂರು ಚೂರುಗಳನ್ನು ಹೊಲಿದು ಒಂದು ವಾಕ್ಯ ಮಾಡಿದರು. ಅಣ್ಣನೂ ಸಹಿಯೂ ಅಕ್ಕಪಕ್ಕ ಬಂದದ್ದೇ ತಡ, ಅಣ್ಣ ಸಹಿ ಹಾಕಿಬಿಟ್ಟ.

ಎಲ್ಲ ಅಪೂರ್ಣ ವಾಕ್ಯವೂ ಅಪೂರ್ಣವಲ್ಲ ಎಂಬುದು ಇದರ ಮಗ್ಗುಲಿನ ಮಾತು. 'ಇಟ್ಸ್ ಎ ಮೈನರ್ ಪ್ರೊಸೀಜರ್ ಅಂತ.' ಶಾಲೆಯ ವ್ಯಾಕರಣದ ಲೆಕ್ಕದಲ್ಲಿ 'ಅಂತ' ಆದ ಮೇಲೆ 'ಹೇಳಿದರು' ಬರಬೇಕು, ಬಂದಿಲ್ಲ. ಆದರೆ ಕೇಳಿದವರಿಗೆ ಏನೂ ಕೊರತೆ ಅನ್ನಿಸುವುದಿಲ್ಲ, ದನಿ ಇಳಿದು ನಿಂತಿದೆ. 'ಯಾಕೆ ಕರೆದುಕೊಂಡು ಹೋಗಲಿಲ್ಲ?' 'ಮಕ್ಕಳು ಚಿಕ್ಕವರು ಅಂತ.' 'ಒಂದು ಮಾತು ಕೇಳಿದ್ದಿದ್ರೆ!' ಇವೆಲ್ಲ ತುಂಬಿದ ವಾಕ್ಯಗಳೇ. ಅಧೀನ ವಾಕ್ಯವೊಂದು ಮುಖ್ಯ ವಾಕ್ಯದ ಹಂಗಿಲ್ಲದೆ ತಾನೇ ನಿಲ್ಲುವ ಈ ಪರಿಯನ್ನು ನಿಕೋಲಸ್ ಇವಾನ್ಸ್ ಎಂಬ ಭಾಷಾವಿಜ್ಞಾನಿ 2007ರ ಪ್ರಬಂಧವೊಂದರಲ್ಲಿ ಹಲವು ಭಾಷೆಗಳಿಂದ ಉದಾಹರಣೆ ತೆಗೆದು ವಿವರಿಸಿದ್ದಾರೆ, 'ಇನ್‌ಸಬಾರ್ಡಿನೇಷನ್' ಎಂದು ಅದಕ್ಕೆ ಹೆಸರು. ನಮ್ಮ ಮಾತಿನಲ್ಲಿ ಇದು ಹೆಜ್ಜೆಗೊಂದು ಸಿಗುತ್ತದೆ. ಇದಕ್ಕೆ ಮೂರು ಚುಕ್ಕಿ ಹಾಕಿ ಇಂಗ್ಲಿಷಿಗೆ ತಂದರೆ ನಿಮ್ಮ ಸಂದರ್ಶಿತರೆಲ್ಲ ಮಾತು ಮುಗಿಸಲಾರದ ಜನರಂತೆ ಕಾಣುತ್ತಾರೆ. 'ಬಿಕಾಸ್ ದ ಚಿಲ್ಡ್ರನ್ ವರ್ ಸ್ಮಾಲ್', 'ಇಫ್ ಓನ್ಲಿ ದೇ ಹ್ಯಾಡ್ ಆಸ್ಕ್ಡ್' ಎಂದು ಪೂರ್ತಿಯಾಗಿಯೇ ಬರೆಯಿರಿ, ಚುಕ್ಕಿ ಬೇಡ.

ಯಾವುದು ತುಂಬಿದ್ದು, ಯಾವುದು ಮುರಿದದ್ದು ಎಂದು ಕಾಗದ ನೋಡಿ ಹೇಳಲಾಗುವುದಿಲ್ಲ. ಕೇಳಬೇಕು. ದನಿ ಇಳಿದು ನಿಂತಿತೋ, ಮೇಲೇ ತೂಗಾಡುತ್ತಾ ಉಳಿಯಿತೋ, ಪದದ ನಡುವೆ ಗಂಟಲು ಕಟ್ಟಿದಂತೆ ಕಡಿಯಿತೋ? ಆಮೇಲೆ, ಮುಂದೆ ಮಾತನಾಡಿದವರು ಯಾರು? ಸಂದರ್ಶಕಿ 'ಹೂಂ' ಅಂದು ಮುಂದಿನ ಪ್ರಶ್ನೆಗೆ ಹೋಗಿದ್ದರೆ, ಎದುರಿಗೆ ಕೂತಿದ್ದ ಅವಳಿಗೆ ವಾಕ್ಯ ಮುಗಿದ ಹಾಗೆ ಕೇಳಿಸಿದೆ. ಅವಳು ನಡುವೆ ಬಾಯಿಹಾಕಿದ್ದರಿಂದ ನಿಂತದ್ದಾದರೆ ಅದು ಬೇರೆ, ಅಲ್ಲಿ ಅಡ್ಡಗೆರೆ ಎಳೆಯಿರಿ. ನಾನು ಬಳಸುವ ಗುರುತುಗಳು ನಾಲ್ಕೇ:

```
—      ಮಾತು ಕಡಿದದ್ದು (ಇನ್ನೊಬ್ಬರಿಂದ, ಅಥವಾ ತಟ್ಟನೆ ತಾವೇ)
...    ಮಾತು ತೂಗಾಡಿ ನಿಂತದ್ದು
[...]  ನಾನು ಬಿಟ್ಟ ಭಾಗ
[ ]    ನಾನು ಸೇರಿಸಿದ ಪದ
```

ಎರಡನೆಯದನ್ನೂ ಮೂರನೆಯದನ್ನೂ ಒಂದೇ ಮಾಡಬೇಡಿ. ಅವರು ಸುಮ್ಮನಾದದ್ದಕ್ಕೂ ನೀವು ಕತ್ತರಿಸಿದ್ದಕ್ಕೂ ಒಂದೇ ಮೂರು ಚುಕ್ಕಿ ಹಾಕಿದರೆ, ಆರು ತಿಂಗಳ ನಂತರ ನಿಮಗೇ ಗೊತ್ತಾಗುವುದಿಲ್ಲ. ಆವರಣದೊಳಗೆ ಸೇರಿಸುವ ಪದ ಕೂಡ ಅದೇ ಸಂದರ್ಶನದಲ್ಲಿ ಬೇರೆಡೆ ಹೇಳಿರುವುದೇ ಆಗಿರಬೇಕು. ಆಮೇಲೆ 'ಸೀರಿಯಸ್ ಆಗೋಯ್ತು' ಅಂದಾಗ ಯಾರಿಗೆ ಎಂದು ಹೇಳಿಲ್ಲ, ಆದರೆ ಅದುವರೆಗಿನ ಮಾತೆಲ್ಲ ಅಪ್ಪನ ಬಗ್ಗೆಯೇ, ಅಲ್ಲಿ 'ಮೈ ಫಾದರ್' ಎಂದು ಆವರಣದಲ್ಲಿ ಹಾಕುವುದಕ್ಕೆ ಆಧಾರವಿದೆ. ಸಹಿಯ ವಿಷಯದಲ್ಲಿ ಅಂಥ ಆಧಾರವಿಲ್ಲ.

ಇನ್ನು ಫಿಲ್ಲರ್‌ಗಳು. ಇವನ್ನು ತೂಗಲು ನನ್ನದು ಒಂದೇ ಕೇಳ್ವಿ: ಇದನ್ನು ತೆಗೆದರೆ ಹೇಳಿದ್ದರ ಖಚಿತತೆ ಏರುತ್ತದೆಯೋ ಇಳಿಯುತ್ತದೆಯೋ? ಎರಡೂ ಇಲ್ಲವೆಂದರೆ ತೆಗೆಯಿರಿ. ನಡುವಿನ 'ಏನಂದ್ರು', 'ಸೋ' ಇವು ಬಹುಮಟ್ಟಿಗೆ ಉಸಿರು ಎಳೆದುಕೊಳ್ಳುವ ಜಾಗಗಳು. ಒಂದೊಂದಕ್ಕೂ ಇಂಗ್ಲಿಷಿನಲ್ಲಿ 'ಲೈಕ್', 'ಯು ನೋ' ಹುಡುಕಲು ಹೋಗಬೇಡಿ. ಅವಕ್ಕೆ ಆ ಭಾಷೆಯಲ್ಲಿ ತಮ್ಮದೇ ವಯಸ್ಸು, ತಮ್ಮದೇ ಠೀವಿ ಇದೆ. ಅರವತ್ತು ವರ್ಷದ ರೈತನ ಬಾಯಲ್ಲಿ 'ಲೈಕ್' ಬಂದರೆ ಅವನು ಕಾಲೇಜು ಹುಡುಗನಾಗುತ್ತಾನೆ. ಮಾತಿನ ಭರದಲ್ಲಿ ಕಿವಿ ದಾಟಿಹೋಗುವ ಉದ್ಗಾರ ಅಚ್ಚಿನಲ್ಲಿ ಕಲ್ಲಿನಂತೆ ಕೂರುತ್ತದೆ ಎನ್ನುವುದೂ ನೆನಪಿರಲಿ.

ಉತ್ತರಕ್ಕೆ ಮುಂಚಿನ ತಡವನ್ನು ಮಾತ್ರ ಉಳಿಸಿಕೊಳ್ಳಿ. ಮನೋವಿಜ್ಞಾನಿಗಳಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲಿ ಇಂಗ್ಲಿಷಿನ 'ಅಹ್' ಮತ್ತು 'ಅಮ್' ಎರಡನ್ನೂ ಪರಿಶೀಲಿಸಿ, ಮೊದಲನೆಯದು ಸಣ್ಣ ತಡವನ್ನೂ ಎರಡನೆಯದು ದೊಡ್ಡ ತಡವನ್ನೂ ಮುಂಚಿತವಾಗಿ ಸೂಚಿಸುತ್ತದೆ ಎಂದು ವಾದಿಸಿದರು. ಅಂದರೆ ಅದು ಬರೀ ಗದ್ದಲವಲ್ಲ, ಕೇಳುವವರಿಗೆ ಕೊಡುವ ಒಂದು ಸೂಚನೆ. ಕನ್ನಡದ 'ಅ...' ಮತ್ತು 'ಮ್...' ಹಾಗೇ ಹಂಚಿಕೊಂಡಿವೆ ಎಂದು ನಾನು ಹೇಳುವುದಿಲ್ಲ. ಆದರೆ 'ಸಹಿ ಯಾರು ಹಾಕಿದರು?' ಎಂಬ ಪ್ರಶ್ನೆಗೆ 'ಅದು...' ಎಂದು ಎಳೆದ ಉತ್ತರ ಬೇರೆ, 'ಎಷ್ಟು ದಿನ ಇದ್ದಿರಿ?' ಎಂಬುದಕ್ಕೆ ಎಳೆದ 'ಅದು...' ಬೇರೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ಒಂದು 'ವೆಲ್...' ಕೊಡಿ.

ಈಗ ವೇಷಧಾರಿಗಳು. 'ಓದಿ ಹೇಳಿದ್ರಂತೆ' ಎಂಬಲ್ಲಿನ 'ಅಂತೆ'. ಟೈಪ್ ಮಾಡುವವರು ಇದನ್ನು ಎಷ್ಟೋ ಸಲ 'ಹೇಳಿದ್ರು' ಎಂದೇ ಬರೆದಿರುತ್ತಾರೆ, ವೇಗದಲ್ಲಿ ಕೇಳಿಸುವುದೂ ಇಲ್ಲ. ಆದರೆ ಈ ತುಣುಕಿನಲ್ಲಿ ಅತಿ ಭಾರದ ಪದ ಅದೇ. ಅವಳು ಅಲ್ಲಿರಲಿಲ್ಲ, ಯಾರೋ ಹಾಗೆ ಅಂದದ್ದನ್ನು ಹೇಳುತ್ತಿದ್ದಾಳೆ, ತಾನು ಅದಕ್ಕೆ ಜವಾಬ್ದಾರಳಲ್ಲ ಅನ್ನುತ್ತಿದ್ದಾಳೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರತ್ಯಯವಿಲ್ಲ, ಪದ ಬೇಕು: 'ಅಪೇರೆಂಟ್ಲಿ', 'ಐ ವಾಸ್ ಟೋಲ್ಡ್', 'ದೇ ಸೇ'. ಮೊದಲನೆಯದನ್ನು ನಾನು ಹೆಚ್ಚು ಬಳಸುತ್ತೇನೆ, ಯಾರು ಹೇಳಿದರು ಎಂಬ ಪ್ರಶ್ನೆಯನ್ನು ಅದು ಎಬ್ಬಿಸುವುದಿಲ್ಲ, 'ಅಂತೆ'ಯ ಹಾಗೇ. ನಾನು ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಒಂದು ಇಡೀ ಸಂದರ್ಶನದ 'ಅಂತೆ'ಗಳನ್ನು ಫಿಲ್ಲರ್ ಎಂದು ತೆಗೆದಿದ್ದೆ. ವರದಿಯಲ್ಲಿ ಆ ವ್ಯಕ್ತಿ ಪ್ರತ್ಯಕ್ಷ ಸಾಕ್ಷಿಯಾಗಿ ಕಾಣಿಸಿಕೊಂಡರು. ಅವರೇ ಓದಿ 'ನಾನು ಅಲ್ಲಿರಲೇ ಇಲ್ಲವಲ್ಲ' ಅಂದಾಗಲೇ ನನಗೆ ಗೊತ್ತಾದದ್ದು. 'ಏನೋ' ಕೂಡ ಇದೇ ಜಾತಿ: 'ಓದಿದ್ರೇನೋ' ಅಂದರೆ 'ಮೇಬಿ'. ಬಾಯಲ್ಲಿ ಪುಟ್ಟದು, ಸಾಕ್ಷ್ಯದಲ್ಲಿ ದೊಡ್ಡದು.

'ಬಂದು' ಇನ್ನೊಂದು. 'ಡಾಕ್ಟರ್ ಬಂದು, ಏನಂದ್ರು' ಎಂದರೆ ಡಾಕ್ಟರ್ ನಡೆದುಕೊಂಡು ಬಂದರೇ? ಕೆಲವರ ಮಾತಿನಲ್ಲಿ 'ಬಂದು' ಎಂಬುದು 'ಡಾಕ್ಟರ್ ವಿಷಯ ಹೇಳುವುದಾದರೆ' ಎಂಬಷ್ಟೇ ಅರ್ಥದಲ್ಲಿ ಬರುತ್ತದೆ, 'ಸಮಸ್ಯೆ ಬಂದು ಏನಪ್ಪಾ ಅಂದ್ರೆ' ಅನ್ನುವ ಹಾಗೆ. ನನ್ನ ಪರೀಕ್ಷೆ: ಅದೇ ವ್ಯಕ್ತಿ ನಡೆಯಲಾರದ ವಸ್ತುಗಳಿಗೂ 'ಬಂದು' ಸೇರಿಸುತ್ತಾರೆಯೇ ಎಂದು ಫೈಲಿನಲ್ಲಿ ಹುಡುಕುವುದು. 'ಆಪರೇಷನ್ ಬಂದು', 'ಖರ್ಚು ಬಂದು' ಎಂದು ಸಿಕ್ಕರೆ ಅದು ಅವರ ರೂಢಿ, ಡಾಕ್ಟರನ್ನು ನಡೆಸಬೇಕಾಗಿಲ್ಲ.

'ಉಹೂಂ' ನೋಡಲು ಸಣ್ಣದು, ಆದರೆ ಇದರಷ್ಟು ಮೋಸಗಾರ ಇನ್ನೊಂದಿಲ್ಲ. ಇಂಗ್ಲಿಷಿನಲ್ಲಿ 'ಅಹ್-ಹಹ್' ಅಂದರೆ ಹೌದು. ನಮ್ಮ 'ಉಹೂಂ' ಅಂದರೆ ಇಲ್ಲ. ಉಚ್ಚಾರ ಹತ್ತಿರವಿದೆ ಎಂದು ಕಾಗುಣಿತದಲ್ಲೇ ದಾಟಿಸಿದರೆ ಉತ್ತರ ತಿರುಗಿಬೀಳುತ್ತದೆ. 'ನೋ' ಎಂದು ಬರೆಯಿರಿ. 'ಹೂಂ'ಗೆ ಬೇರೆ ಸಮಸ್ಯೆ: ಸಂದರ್ಶಕರ 'ಹೂಂ' ಬಹುಪಾಲು 'ಕೇಳ್ತಾ ಇದ್ದೀನಿ' ಎಂದಷ್ಟೇ, ಬಿಡಬಹುದು. ಪ್ರಶ್ನೆಗೆ ಸಿಕ್ಕ 'ಹೂಂ' ಉತ್ತರ, ಬಿಡುವಂತಿಲ್ಲ.

ಭಾಷೆ ಬೆರೆತ ಕಡೆ ನಿಮ್ಮ ಪರಿಸ್ಥಿತಿ ವಿಚಿತ್ರವಾದದ್ದು. ಯಾವ ಭಾಷೆಯಿಂದ ಪದ ಎರವಲು ಬಂದಿದೆಯೋ ಅದೇ ಭಾಷೆಗೆ ಅನುವಾದ ಮಾಡುತ್ತಿದ್ದೀರಿ. ಹಾಗಾಗಿ ಬೆರಕೆಯೆಲ್ಲ ಹಾಲಿಗೆ ಬಿದ್ದ ಸಕ್ಕರೆಯಂತೆ ಕರಗಿಹೋಗುತ್ತದೆ. ಕರಗಬಾರದ್ದು ಯಾವುದು? ಮೇಲಿನ ತುಣುಕಿನಲ್ಲಿ 'ಇಟ್ಸ್ ಎ ಮೈನರ್ ಪ್ರೊಸೀಜರ್' ಒಂದೇ. ಅದು ಅವಳ ಮಾತಲ್ಲ, ಡಾಕ್ಟರ ದನಿಯನ್ನು ಅವಳು ಎತ್ತಿ ಆಡಿದ್ದು. ಮನೆಯವರ ಜೊತೆ ಅವರು ಇಂಗ್ಲಿಷಿನಲ್ಲಿ ಮಾತನಾಡಿದರು ಎಂಬುದೇ ನಿಮ್ಮ ಅಧ್ಯಯನಕ್ಕೆ ಬೇಕಾದ ಸಂಗತಿಯಾಗಿರಬಹುದು. ಅದನ್ನು ಉದ್ಧರಣ ಚಿಹ್ನೆಯೊಳಗೆ ಓರೆ ಅಕ್ಷರದಲ್ಲಿಟ್ಟು, ಓರೆ ಅಕ್ಷರವೆಂದರೆ ಮೂಲದಲ್ಲೇ ಇಂಗ್ಲಿಷ್ ಎಂದು ಪ್ರಬಂಧದ ಮೊದಲಲ್ಲಿ ಒಂದು ಸಾಲು ಬರೆಯಿರಿ. 'ಫೋನ್', 'ಫಾರಂ', 'ಡಾಕ್ಟರ್' ಇವನ್ನು ಓರೆ ಮಾಡಬೇಡಿ. ಅವಳಿಗೆ ಅವು ಕನ್ನಡವೇ. ಅದೇ ಅರ್ಥಕ್ಕೆ ಅವಳು ಇಡೀ ಸಂದರ್ಶನದಲ್ಲಿ ಬೇರೆ ಪದ ಬಳಸಿಯೇ ಇಲ್ಲವೆಂದರೆ ಅದು ಬೆರಕೆಯಲ್ಲ.

ಕನ್ನಡವಾಗಿಬಿಟ್ಟಿರುವ ಈ ಇಂಗ್ಲಿಷ್ ಪದಗಳನ್ನೇ ಹೆಚ್ಚು ಅನುಮಾನಿಸಬೇಕು. ಅನುವಾದಕರ ಕಣ್ಣು ಅವುಗಳ ಮೇಲೆ ಜಾರಿಹೋಗುತ್ತದೆ, ಆಗಲೇ ಇಂಗ್ಲಿಷ್ ಇದೆಯಲ್ಲ ಅಂತ. 'ಸೀರಿಯಸ್ ಆಗೋಯ್ತು' ಅಂದರೆ ಪರಿಸ್ಥಿತಿ ಗಂಭೀರವಾಯಿತು ಅಷ್ಟೇ ಅಲ್ಲ, ಜೀವಕ್ಕೆ ಅಪಾಯ ಬಂತು, ಇಂಗ್ಲಿಷಿನಲ್ಲಿ 'ಕ್ರಿಟಿಕಲ್'. 'ಟೆನ್ಷನ್ ಆಯ್ತು' ಅಂದರೆ ಆತಂಕ. 'ಫೀಲ್ ಆಯ್ತು' ಅಂದರೆ ಮನಸ್ಸಿಗೆ ನೋವಾಯಿತು. 'ಅಡ್ಜಸ್ಟ್ ಮಾಡ್ಕೊಂಡೆ' ಅಂದರೆ ಬೇರೆ ದಾರಿಯಿಲ್ಲದೆ ಸಹಿಸಿಕೊಂಡೆ. 'ಡೌಟು' ಕೆಲವು ಸಲ ಬರೀ ಪ್ರಶ್ನೆ, ಕೆಲವು ಸಲ ಶಂಕೆ. ಇಲ್ಲಿ ಶಂಕೆ, ಅದೂ ಈಗಲೂ ಇರುವ ಶಂಕೆ: 'ನನಗೆ ಡೌಟು' ಎಂಬುದರಲ್ಲಿ ಕ್ರಿಯಾಪದವಿಲ್ಲ, ಭೂತಕಾಲವೂ ಇಲ್ಲ. 'ಐ ಹ್ಯಾಡ್ ಎ ಡೌಟ್' ಎಂದು ಬರೆದವರು ಅವಳ ಇವತ್ತಿನ ಅನುಮಾನವನ್ನು ಅವತ್ತಿಗೇ ಮುಗಿಸಿಬಿಟ್ಟರು. 'ಐ ಹ್ಯಾವ್ ಮೈ ಡೌಟ್ಸ್' ಸರಿಹೋಗುತ್ತದೆ. ಇಂಥ ಪದಗಳಿಗೆ ಒಂದು ಪಟ್ಟಿ ಇಟ್ಟುಕೊಳ್ಳಿ, 22 ಸಂದರ್ಶನಕ್ಕೆ ಮೂವತ್ತು ಪದ ದಾಟಲಿಕ್ಕಿಲ್ಲ. ಒಂದೊಂದು ಪದಕ್ಕೆ ಒಂದೇ ಅನುವಾದ ನಿಗದಿ ಮಾಡಬೇಡಿ, ಯಾವ ಸಾಲಿನಲ್ಲಿ ಯಾವ ಅರ್ಥ ಎಂದು ಬರೆದುಕೊಳ್ಳಿ.

ಹೀಗೆಲ್ಲ ಮಾಡಿದ ಮೇಲೆ ನನ್ನ ಪ್ರತಿ ಹೀಗಿರುತ್ತದೆ: "ವೆಲ್... ವಾಟ್ ದ ಡಾಕ್ಟರ್ ಸೆಡ್ ವಾಸ್, 'ಇಟ್ಸ್ ಎ ಮೈನರ್ ಪ್ರೊಸೀಜರ್.' ಮೈ ಬ್ರದರ್... ಐ ವಾಸ್ ಔಟ್‌ಸೈಡ್, ದೇರ್ ಹ್ಯಾಡ್ ಬೀನ್ ಎ ಫೋನ್ ಕಾಲ್. ಅಂಡ್ ಆನ್ ದ ಫಾರ್ಮ್, ದ ಸಿಗ್ನೇಚರ್... ಐ ಮೀನ್, ದೇ ರೆಡ್ ಇಟ್ ಆಲ್ ಔಟ್, ಅಪೇರೆಂಟ್ಲಿ. ಐ ಹ್ಯಾವ್ ಮೈ ಡೌಟ್ಸ್." 'ಅಂದ್ರೆ' ಉಳಿದದ್ದು ಗಮನಿಸಿ. ಇಲ್ಲಿ ಅವಳು ಸಹಿಯ ಮಾತಿನಿಂದ ಓದಿ ಹೇಳಿದ ಮಾತಿಗೆ ದಾರಿ ಬದಲಿಸಿದ್ದು ಅದರ ಮೂಲಕವೇ, ಹಾಗಾಗಿ 'ಐ ಮೀನ್'. 'ವಾಟ್ ದ ಡಾಕ್ಟರ್ ಸೆಡ್' ಎಂದು ಸುತ್ತುಬಳಸಿದ್ದರಿಂದ ಡಾಕ್ಟರ್ ಹೆಣ್ಣೋ ಗಂಡೋ ಎಂದು 'ಹಿ', 'ಶಿ' ಆರಿಸುವ ಕೆಲಸವೂ ತಪ್ಪಿತು, 'ಅಂದ್ರು' ಎಂಬುದರಲ್ಲಿ ಅದು ಇಲ್ಲ.

ಕೆಲಸದ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಗಂಟೆಯ ಧ್ವನಿಯನ್ನು ಬರಹಕ್ಕೆ ಇಳಿಸಲು 4ರಿಂದ 6 ಗಂಟೆ ಎಂದು ರೂಢಿಯ ಲೆಕ್ಕ, ಅನುವಾದಕ್ಕೂ ಅಷ್ಟೇ ಇಟ್ಟುಕೊಳ್ಳಿ. ಎರಡು ಮೂರು ನಿಮಿಷದ ತುಂಡನ್ನು ಪೂರ್ತಿ ಕೇಳಿ, ಆಮೇಲೆ ಸಾಲುಸಾಲಾಗಿ ಅನುವಾದ ಮಾಡಿ. ಕನ್ನಡದ ಸಾಲಿನ ಸಂಖ್ಯೆಯೇ ಇಂಗ್ಲಿಷಿಗೂ ಇರಲಿ. ಮುರಿದ ವಾಕ್ಯಗಳಿಗೆ ಬಣ್ಣ ಹಚ್ಚಿ ಮುಂದೆ ಹೋಗಿ, ಮರುದಿನ ಬರೀ ಅವನ್ನಷ್ಟೇ ಆಡಿಯೋ ಜೊತೆ ಮತ್ತೆ ನೋಡಿ. ಇಂಗ್ಲಿಷನ್ನು ಇನ್ನೊಬ್ಬರಿಂದ ವಾಪಸ್ ಕನ್ನಡಕ್ಕೆ ತರಿಸಿ ತಾಳೆ ನೋಡುವ ಪದ್ಧತಿಯಿದೆಯಲ್ಲ, ಪ್ರಶ್ನಾವಳಿಗಳಿಗೆ ಅದು ಒಳ್ಳೆಯದು, ಇದಕ್ಕೆ ನಿಷ್ಪ್ರಯೋಜಕ. ಹೊಲಿದ ವಾಕ್ಯ ವಾಪಸ್ ಬರುವಾಗಲೂ ಹೊಲಿದೇ ಬರುತ್ತದೆ, ಹೊಲಿಗೆ ಕಾಣುವುದಿಲ್ಲ. ಎರಡೂ ಭಾಷೆ ಬಲ್ಲ ಇನ್ನೊಬ್ಬರನ್ನು ಕೂರಿಸಿ, ಬಣ್ಣ ಹಚ್ಚಿದ ಸಾಲುಗಳ ಆಡಿಯೋ ಮಾತ್ರ ಕೇಳಿಸಿ, ಅವರಿಗೆ ಏನು ಅನ್ನಿಸಿತು ಎಂದು ಕೇಳಿ. ಅವರಿಗೆ ಆಡಿಯೋ ಕೇಳಿಸಲು ಸಂದರ್ಶಿತರಿಂದ ಪಡೆದ ಒಪ್ಪಿಗೆಯಲ್ಲಿ ಅವಕಾಶವಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಒಂದು ಸಾಲನ್ನು ಬೇಕೆಂದೇ ಉಳಿಸಿಕೊಂಡೆ: 'ಹೇಳಿದ್ದಿದ್ರೆ ನಾನು...' ಅವಸರದವರು 'ಇಫ್ ದೇ ಹ್ಯಾಡ್ ಟೋಲ್ಡ್ ಮಿ' ಎಂದರು. ಆದರೆ 'ಹೇಳಿದ್ದಿದ್ರೆ' ಎಂಬ ರೂಪದಲ್ಲಿ ಯಾರು ಎಂಬುದೇ ಇಲ್ಲ, 'ನನಗೆ' ಎಂದೂ ಇಲ್ಲ. ಅವರು ನನಗೆ ಹೇಳಿದ್ದಿದ್ದರೆ ನಾನು ಏನೋ ಮಾಡುತ್ತಿದ್ದೆ ಎಂದಿರಬಹುದು. ನಾನೇ ಬಾಯಿಬಿಟ್ಟು ಹೇಳಿದ್ದಿದ್ದರೆ ಎಂದೂ ಇರಬಹುದು, ಮಾತಿನಲ್ಲಿ ಕರ್ತೃವನ್ನು ಹಿಂದಕ್ಕೆ ಹಾಕುವುದು ನಮಗೆ ಹೊಸದಲ್ಲ. ಮೊದಲನೆಯದು ದೂರು, ಎರಡನೆಯದು ಪಶ್ಚಾತ್ತಾಪ. ಆಡಿಯೋದಲ್ಲಿ 'ಹೇಳಿದ್ದಿದ್ರೆ' ಆದ ಮೇಲೆ ಸಣ್ಣ ಬಿಡುವು ಇದ್ದು 'ನಾನು' ಹೊಸದಾಗಿ ಎದ್ದಿದ್ದರೆ ಮೊದಲನೆಯದು. ಒಂದೇ ಉಸಿರಿನಲ್ಲಿ 'ನಾನು' ತಗ್ಗಿ ಅಂಟಿಕೊಂಡಿದ್ದರೆ ಎರಡನೆಯದು. ಎರಡು ಮೂರು ಸಲ ಕೇಳಿದರೂ ತೀರ್ಮಾನವಾಗದಿದ್ದರೆ, ಮತ್ತೆ ಸಂಪರ್ಕಿಸಲು ಅವರು ಒಪ್ಪಿದ್ದಲ್ಲಿ ಅವರನ್ನೇ ಕೇಳಿ. ಅದೂ ಆಗದಿದ್ದರೆ ನಾನು ಬರೆಯುವುದು ಹೀಗೆ: 'ಇಫ್ ಇಟ್ ಹ್ಯಾಡ್ ಬೀನ್ ಸೆಡ್, ಐ... ನೋ.' ಇಂಗ್ಲಿಷ್ ಕಿವಿಗೆ ತುಸು ಬಿಗಿಯಾದೀತು, ಆದರೆ ಹೇಳಬೇಕಿದ್ದವರು ಯಾರು ಎಂಬುದು ಅವಳು ಬಿಟ್ಟಲ್ಲೇ ಇರುತ್ತದೆ.